ಸಾರಿನ ಪುಡಿಗೆ ಮಿಕ್ಸಿಯ ಚಿಕ್ಕ ಜಾರ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಮನೆಯ 750 ವ್ಯಾಟ್ ಮಿಕ್ಸಿಯ ಚಿಕ್ಕ ಜಾರ್ ಚಟ್ನಿಗಿಂತ ಜಾಸ್ತಿ ದುಡಿಯುವುದು ಸಾರಿನ ಪುಡಿಗೆ. ಕೆಲವು ವರ್ಷಗಳಿಂದ ಗಿರಣಿಗೆ ಕೊಡುವುದನ್ನು ಬಿಟ್ಟು ಇದರಲ್ಲೇ ಪುಡಿ ಮಾಡಿಕೊಳ್ಳುತ್ತಿದ್ದೇನೆ. 5ಕ್ಕೆ 4 ಸ್ಟಾರ್.

ಗಿರಣಿಯಲ್ಲಿ ಪುಡಿ ನುಣ್ಣಗೆ ಬರುತ್ತದೆ, ನಿಜ. ಆದರೆ ಸ್ವಲ್ಪಸ್ವಲ್ಪ ಒಯ್ದರೆ ಅವರು ಹಾಕಿಕೊಡುವುದಿಲ್ಲ. ಕಿಲೋಗಟ್ಟಲೆ ಮಾಡಿಸಿದರೆ ಅದನ್ನು ಮುಗಿಸಲು ಅರ್ಧ ವರ್ಷ ಬೇಕು. ಅಷ್ಟರಲ್ಲಿ ಖಾರ ಹಾಗೇ ಇರುತ್ತದೆ, ಘಮ ಹೋಗಿರುತ್ತದೆ. ಮೆಣಸಿನಕಾಯಿಯ ಖಾರ ಗಾಳಿಗೆ ಸುಲಭವಾಗಿ ಹಾರುವುದಿಲ್ಲ. ಕೊತ್ತಂಬರಿ, ಜೀರಿಗೆಯ ಪರಿಮಳದ ಎಣ್ಣೆ ಹಾರುತ್ತದೆ. ಅದಕ್ಕೇ ಹಳೇ ಪುಡಿಯ ಸಾರು ಬರೀ ಖಾರ ಖಾರ ಅನಿಸುವುದು.

ನನ್ನ ಅಳತೆ ಇದು: ಕೊತ್ತಂಬರಿ ಬೀಜ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 75 ಗ್ರಾಂ, ಜೀರಿಗೆ 20, ಕಾಳುಮೆಣಸು 10, ಮೆಂತ್ಯ ಮತ್ತು ಸಾಸಿವೆ 5-5 ಗ್ರಾಂ, ಎರಡು ಹಿಡಿ ಕರಿಬೇವು, ಸ್ವಲ್ಪ ಇಂಗು, ಅರಿಶಿನ. ದಿನಾ ಸಾರು ಮಾಡುವ ನಾಲ್ಕು ಜನರ ಮನೆಗೆ ಹೆಚ್ಚುಕಡಿಮೆ ಒಂದು ತಿಂಗಳಿಗಾಗುತ್ತದೆ.

ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ಹುರಿಯಬೇಕು. ಎಲ್ಲಾ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕರಿದಾಗಿರುತ್ತದೆ. ಹೆಚ್ಚು ಗಮನ ಬೇಕಾದದ್ದು ಮೆಂತ್ಯಕ್ಕೆ. ಅದು ಹಳದಿಯಿಂದ ಕೆಂಪುಗಂದಿಗೆ ತಿರುಗುತ್ತಿದ್ದಂತೆ ತೆಗೆಯಬೇಕು. ಕಪ್ಪು ಕೆಂಪಾದರೆ ಇಡೀ ಪುಡಿ ಕಹಿ, ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಮುಚ್ಚುವುದಿಲ್ಲ. ಕೊತ್ತಂಬರಿ ಬೀಜ ಆಯಿತಾ ಅಂತ ತಿಳಿಯಲು ಒಂದು ಕಾಳು ಬೆರಳಲ್ಲಿ ಒತ್ತಿ ನೋಡಿ: ಗರಿಗರಿಯಾಗಿ ಎರಡು ಹೋಳಾಗಬೇಕು. ಮೆಣಸಿನಕಾಯಿ ಮುರಿದಾಗ ಸಿಪ್ಪೆ ಟಪ್ ಅನ್ನಬೇಕು, ಬಣ್ಣ ಕೆಡಬಾರದು. ಒಲೆ ಆರಿಸಿದ ಮೇಲೂ ಬಾಣಲೆಯ ಬಿಸಿ ಹುರಿಯುತ್ತಲೇ ಇರುತ್ತದೆ, ಹಾಗಾಗಿ ಆಯಿತು ಅನಿಸಿದ ತಕ್ಷಣ ತಟ್ಟೆಗೆ ಸುರಿಯಿರಿ.

ಪೂರ್ತಿ ಆರಿದ ಮೇಲೆಯೇ ಜಾರ್‌ಗೆ. ಬಿಸಿಯಿದ್ದಾಗಲೇ ಹಾಕಿದರೆ ಒಳಗಿನ ಹಬೆ ಮುಚ್ಚಳಕ್ಕೆ ನೀರಾಗಿ ಕೂತು ಪುಡಿ ಗಂಟುಕಟ್ಟುತ್ತದೆ. ಬ್ಲೇಡ್ ತಿಕ್ಕಾಟಕ್ಕೂ ಜಾರ್ ಬಿಸಿಯಾಗುತ್ತದಲ್ವಾ, ಆ ಬಿಸಿಗೂ ಘಮ ಹೋಗುತ್ತದೆ. ನಾನು 15-20 ಸೆಕೆಂಡ್ ತಿರುಗಿಸಿ ನಿಲ್ಲಿಸುತ್ತೇನೆ, ಜಾರ್ ತಳ ಮುಟ್ಟಿ ನೋಡುತ್ತೇನೆ. ಮೆಣಸಿನಕಾಯಿಯನ್ನು ಕೈಯಲ್ಲೇ ಮುರಿದು ಮೊದಲು ತಿರುಗಿಸಿ, ಆಮೇಲೆ ಉಳಿದದ್ದು. ಸಾರಿಗೆ ತರಿತರಿಯೇ ಸಾಕು. ನುಣ್ಣಗಾದಷ್ಟೂ ಗಾಳಿಗೆ ಒಡ್ಡುವ ಮೈ ಹೆಚ್ಚು, ಘಮ ಬೇಗ ಹೋಗುತ್ತದೆ. ರುಬ್ಬಿದ ಮೇಲೆ ತಟ್ಟೆಯಲ್ಲಿ ಹರಡಿ ತಣ್ಣಗಾದ ನಂತರವೇ ಬಾಟಲಿಗೆ ತುಂಬಿ.

ಇನ್ನು ಎಷ್ಟು ದಿನ ಅನ್ನುವುದು. ಗಾಳಿಯಾಡದ ಬಾಟಲಿ, ಒಲೆಯಿಂದ ದೂರದ ಕತ್ತಲೆ ಕಪಾಟು, ಒಣ ಚಮಚ: ಇಷ್ಟಿದ್ದರೆ ಮೊದಲ ತಿಂಗಳು ಉತ್ತಮ, ಎರಡನೆಯದು ಪರವಾಗಿಲ್ಲ, ಮೂರು ತಿಂಗಳಾದ ಮೇಲೆ ಇನ್ನೊಂದು ಚಮಚ ಜಾಸ್ತಿ ಹಾಕಬೇಕಾಗುತ್ತದೆ. ಕೆಟ್ಟಿತು ಅಂತಲ್ಲ, ಸಪ್ಪೆ. ಹುರಿಯದ ಇಡೀ ಕಾಳು ಹೀಗಲ್ಲ, ವರ್ಷವಾದರೂ ಚೆನ್ನಾಗಿರುತ್ತದೆ. ಅದಕ್ಕೇ ದಾಸ್ತಾನು ಮಾಡುವುದಾದರೆ ಕಾಳನ್ನು ಮಾಡಿ, ಪುಡಿಯನ್ನಲ್ಲ. ಒಣಕೊಬ್ಬರಿ ಸೇರಿಸಿದ ಪುಡಿಯದು ಬೇರೆಯೇ ಕಥೆ: ಕೊಬ್ಬರಿ ಬೇಗ ಕಮಟಾಗುತ್ತದೆ, ಎರಡು ಮೂರು ವಾರದಲ್ಲಿ ಮುಗಿಸಿ.

ಪುಡಿ ಸರಿಯಿದೆಯಾ ಅಂತ ನೋಡಲು ಬಾಟಲಿ ಮೂಸಿದರೆ ಸಾಲದು, ಮುಚ್ಚಿದ ಬಾಟಲಿಯಲ್ಲಿ ಘಮ ಕೂಡಿರುತ್ತದೆ. ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿ. ಕೊತ್ತಂಬರಿಯ ವಾಸನೆ ಮೇಲೆ ಬರದೆ ಬರೀ ಒಣ ಧೂಳಿನ ವಾಸನೆ ಬಂದರೆ ಅದು ಮುಗಿದಿದೆ. ಗಂಟು ಕಂಡರೆ ತೇವ ಸೇರಿದೆ. ಬೂಸಲು ವಾಸನೆಯಿದ್ದರೆ, ಸಣ್ಣ ಕಂದು ಹುಳು ಓಡಾಡಿದರೆ ಸುಮ್ನೆ ಬಿಸಾಡಿ. ಬಿಸಿಲಿಗಿಟ್ಟು ಉಳಿಸಲು ಹೋಗಬೇಡಿ. ಫ್ರಿಜ್‌ನಲ್ಲಿಟ್ಟರೆ ತಣ್ಣನೆ ಬಾಟಲಿ ಹೊರಗೆ ಬಂದ ಕೂಡಲೇ ಮುಚ್ಚಳ ತೆರೆಯಬಾರದು, ಗಾಳಿಯ ತೇವ ಒಳಗೇ ಕೂರುತ್ತದೆ.

ಆ ಒಂದು ಸ್ಟಾರ್ ಕಳೆದದ್ದು ಜಾರ್‌ನ ರಬ್ಬರ್ ವಾಷರ್‌ಗೆ. ಇಂಗಿನ ವಾಸನೆ ಅದರಲ್ಲಿ ಉಳಿದುಬಿಡುತ್ತದೆ. ಒಂದು ಹಿಡಿ ಅಕ್ಕಿ ಒಣದಾಗಿ ರುಬ್ಬಿದರೆ ಜಾರ್ ಸ್ವಚ್ಛವಾಗುತ್ತದೆ, ವಾಷರ್ ಪೂರ್ತಿ ಆಗುವುದಿಲ್ಲ. ಮಸಾಲೆಗೆಂದೇ ಇನ್ನೊಂದು ವಾಷರ್ ಇಟ್ಟುಕೊಂಡಿದ್ದೇನೆ. ಇನ್ನೊಂದು ವಿಷಯ: 30 ಗ್ರಾಂಗಿಂತ ಕಡಿಮೆ ಹಾಕಿದರೆ ಕಾಳು ಬ್ಲೇಡ್‌ಗೆ ಸಿಗದೆ ಸುತ್ತ ಹಾರುತ್ತದೆ. ಅಷ್ಟಕ್ಕೆ ಕುಟ್ಟಾಣಿಯೇ ವಾಸಿ.