ಹದಿನೈದು ತಿಂಗಳು ‘ಅನ್‌ಲಿಮಿಟೆಡ್ 5ಜಿ’ ಬಳಸಿದ ಮೇಲೆ: ಧಾರವಾಡದ ಒಂದು ಮನೆಯ ಲೆಕ್ಕ

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿದೆ. ನಾನು ಸಂಜೆ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಎರಡು ಬ್ಯಾಚು, ಒಟ್ಟು ಎರಡೂವರೆ ತಾಸು. 2024ರ ಜುಲೈ 20ರಂದು ಒಂದು ದೊಡ್ಡ ಮೊಬೈಲ್ ಕಂಪನಿಯ 84 ದಿನದ ಪ್ಯಾಕ್ ಹಾಕಿಸಿದೆ. ದಿನಕ್ಕೆ 2 ಜಿಬಿ, ಜೊತೆಗೆ ಅನ್‌ಲಿಮಿಟೆಡ್ 5ಜಿ. ಇವತ್ತಿಗೂ ಅದೇ ಪ್ಯಾಕ್ ಇದೆ. ವೇಗದ ಬಗ್ಗೆ ನನ್ನ ದೂರಿಲ್ಲ. ‘ಅನ್‌ಲಿಮಿಟೆಡ್’ ಎಂಬ ಪದದ ಹಿಂದೆ ಏನೇನು ಷರತ್ತು ಇವೆ ಎನ್ನುವುದೇ ಈ ವಿಮರ್ಶೆಯ ವಿಷಯ.

ಆ ತಿಂಗಳು ದರ ಏರಿದ್ದು ನಿಮಗೆ ನೆನಪಿರಬಹುದು. ದರದ ಜೊತೆಗೆ ಇನ್ನೊಂದು ಬದಲಾವಣೆಯೂ ಬಂತು. ಮೊದಲು ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರಿಗೂ ಅನ್‌ಲಿಮಿಟೆಡ್ 5ಜಿ ಸಿಗುತ್ತಿತ್ತು. ಆಮೇಲೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಇರುವ ಪ್ಯಾಕ್‌ಗೆ ಮಾತ್ರ ಎಂದಾಯಿತು. ಇದು ಮೊದಲ ಗೆರೆ. ನಮ್ಮ ಅತ್ತೆಯವರ ನಂಬರಿಗೆ 1.5 ಜಿಬಿ ಪ್ಯಾಕೇ ಮುಂದುವರಿದಿತ್ತು. ಅವರ ಫೋನಿನ ಮೇಲೆ 5ಜಿ ಗುರುತು ಮೊದಲಿನ ಹಾಗೆಯೇ ಕಾಣಿಸುತ್ತಿತ್ತು, ಆದರೆ ನೋಡಿದ್ದೆಲ್ಲ ದಿನದ ಕೋಟಾದಿಂದಲೇ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹರಿಕಥೆ ವಿಡಿಯೋ ನಿಂತುಬಿಡುತ್ತಿತ್ತು. ಮೇಲೊಂದು ಡೇಟಾ ಪ್ಯಾಕ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಹಾಕಿಸಿದೆ. ಆ ಡೇಟಾ ಸಿಕ್ಕಿತು, ಖರ್ಚೂ ಆಯಿತು, ಅನ್‌ಲಿಮಿಟೆಡ್ ಮಾತ್ರ ಬರಲಿಲ್ಲ. ಅರ್ಹತೆ ನೋಡಿದ್ದು ಮೂಲ ಪ್ಯಾಕ್‌ನ ಮೇಲೆ. ನಾನು ಹಾಕಿಸಿದ ಸಾದಾ ಡೇಟಾ ಪ್ಯಾಕ್‌ನಿಂದ ಅದು ಬದಲಾಗಲಿಲ್ಲ.

ನನ್ನ ಪ್ಯಾಕ್ ಗೆರೆ ದಾಟಿತ್ತಲ್ಲ, ಆದ್ದರಿಂದ ನಿಶ್ಚಿಂತೆಯಿಂದ ಇದ್ದೆ. ರೀಚಾರ್ಜ್ ಅಂಗಡಿಯವರೂ ಧೈರ್ಯ ಹೇಳಿದ್ದರು. “ಅಕ್ಕಾರ, ಇದು ಅನ್‌ಲಿಮಿಟೆಡ್ ಐತ್ರಿ, ಎಷ್ಟರ ಬಳಸ್ರಿ” ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಕಂಪನಿ ಕೊಟ್ಟ ಪಟ್ಟಿಯಲ್ಲಿ ಅಷ್ಟೇ ಬರೆದಿತ್ತು.

ಆದರೆ ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ಐದಕ್ಕೆ ಪಾಠ ಆರಂಭಿಸಿದರೆ ಏಳರ ಹೊತ್ತಿಗೆ ನನ್ನ ಚಿತ್ರ ನಿಂತುಹೋಗುತ್ತಿತ್ತು, ದನಿ ತುಂಡು ತುಂಡಾಗುತ್ತಿತ್ತು. “ಟೀಚರ್, ಕೇಳಸಾಕತ್ತಿಲ್ಲರಿ” ಎಂದು ಮಕ್ಕಳು ಬರೆದು ಕಳಿಸುತ್ತಿದ್ದರು. ಸಂಜೆ ಟವರ್ ಮೇಲೆ ಭಾರ ಜಾಸ್ತಿಯಾಗಿರಬೇಕು ಎಂದುಕೊಂಡೆ. ದಿನದ ಡೇಟಾ 90 ಪರ್ಸೆಂಟ್ ಮುಗಿಯಿತು ಎಂಬ ಮೆಸೇಜ್ ಆರೂವರೆ ಸುಮಾರಿಗೆ ಬರುತ್ತಿತ್ತು. ಅನ್‌ಲಿಮಿಟೆಡ್ ಇರುವವರಿಗೆ ಅದು ಯಾಕೆ ಲೆಕ್ಕ ಎಂದು ಅದನ್ನು ನೋಡಿಯೂ ಬಿಡುತ್ತಿದ್ದೆ. ಉತ್ತರ ಅದರಲ್ಲೇ ಇತ್ತು.

ಅನ್‌ಲಿಮಿಟೆಡ್ ಎಂಬುದು ಫೋನು 5ಜಿ ಮೇಲೆ ಇರುವಾಗ ಮಾತ್ರ. 4ಜಿಗೆ ಇಳಿದ ಕ್ಷಣದಿಂದ ದಿನದ 2 ಜಿಬಿ ಕರಗಲು ಶುರುವಾಗುತ್ತದೆ. ಅದೂ ಮುಗಿದರೆ 4ಜಿಯಲ್ಲಿ ವೇಗ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕೆಬಿ. 3 ಎಂಬಿಯ ಒಂದು ಫೋಟೋ ಹೋಗಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ವಿಡಿಯೋ ಪಾಠದ ಮಾತೇ ಇಲ್ಲ.

ನಮ್ಮದು ಹಳೆಯ ಮನೆ. ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ನಾನು ಕೂರುತ್ತಿದ್ದದ್ದು ಒಳಕೋಣೆಯಲ್ಲಿ, ಅಲ್ಲಿ ಗದ್ದಲ ಕಡಿಮೆ. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಮೇಲಿನ ಅಲೆಗಳು ಇಂಥ ಗೋಡೆ ದಾಟಲು ಸೋಲುತ್ತವೆ. ಕೆಳಗಿನ ಬ್ಯಾಂಡಿನ 4ಜಿ ದಾಟಿ ಬರುತ್ತದೆ. ಹಾಗಾಗಿ ಒಳಕೋಣೆಯಲ್ಲಿ ಫೋನು ಸದ್ದಿಲ್ಲದೆ 4ಜಿಗೆ ಇಳಿಯುತ್ತಿತ್ತು. ತಾಸಿಗೆ 1 ಜಿಬಿ ಮೇಲೆ ತಿನ್ನುವ ಪಾಠಕ್ಕೆ 2 ಜಿಬಿ ಎರಡು ತಾಸೂ ಬರುತ್ತಿರಲಿಲ್ಲ. ಗುರುತು ನೋಡಿದರೆ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಪೂರ್ತಿ ನಂಬುವಂತಿಲ್ಲ. ಕೆಲವು ಕಡೆ 5ಜಿಯನ್ನು 4ಜಿಯ ಆಸರೆಯ ಮೇಲೆ ನಡೆಸುತ್ತಾರೆ. ಅಲ್ಲಿ ಮೇಲೆ 5ಜಿ ಎಂದು ತೋರಿಸುತ್ತಿದ್ದರೂ ಡೇಟಾ 4ಜಿಯಲ್ಲಿ ಹರಿಯುತ್ತಿರಬಹುದು.

ನಾನು ಪತ್ತೆ ಮಾಡಿದ್ದು ಹೀಗೆ. ಪಾಠಕ್ಕೆ ಮೊದಲು ಕಂಪನಿಯ ಆ್ಯಪ್‌ನಲ್ಲಿ ದಿನದ ಬಾಕಿ ಎಷ್ಟಿದೆ ಎಂದು ಬರೆದುಕೊಂಡೆ. ಒಳಕೋಣೆಯಲ್ಲಿ ಅರ್ಧ ತಾಸು ವಿಡಿಯೋ ಓಡಿಸಿ ಮತ್ತೆ ನೋಡಿದೆ. ಬಾಕಿ ಅರ್ಧ ಜಿಬಿಗಿಂತ ಜಾಸ್ತಿ ಇಳಿದಿತ್ತು. ಮರುದಿನ ಪಡಸಾಲೆಯ ಕಿಟಕಿ ಹತ್ತಿರ ಅದೇ ವಿಡಿಯೋ ಓಡಿಸಿದೆ. ಬಾಕಿ ಅಲುಗಾಡಲಿಲ್ಲ. ಇನ್ನೊಂದು ಸುಲಭ ಪರೀಕ್ಷೆ ಇದೆ. ಕೋಟಾ ಪೂರ್ತಿ ಮುಗಿದು ಎಲ್ಲ ನಿಂತಾಗ ಫೋನನ್ನು ಬಯಲಿಗೆ ತನ್ನಿ. ಒಂದೆರಡು ನಿಮಿಷದಲ್ಲಿ ವೇಗ ತಿರುಗಿ ಬಂದರೆ ತೊಂದರೆ ಟವರಿನದಲ್ಲ, ನೀವು 4ಜಿಯಲ್ಲಿ ಸಿಕ್ಕಿಕೊಂಡಿದ್ದಿರಿ ಎಂದೇ ಅರ್ಥ.

ಅಂದಿನಿಂದ ಫೋನು ಪಡಸಾಲೆಯ ಕಿಟಕಿಯಲ್ಲಿ, ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಒಳಕೋಣೆಯಲ್ಲಿ. ಐದು ತಿಂಗಳು ಪಾಠ ಒಂದು ದಿನವೂ ನಿಲ್ಲಲಿಲ್ಲ. ಆ ಐದು ತಿಂಗಳಿಗೆ ನಾನು ಈ ಪ್ಯಾಕ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಇಷ್ಟು ಹಣಕ್ಕೆ ಅಷ್ಟು ವೇಗ ನಮ್ಮ ಓಣಿಯಲ್ಲಿ ಮೊದಲು ಎಂದೂ ಸಿಕ್ಕಿರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು 2025ರ ಜನವರಿಯಲ್ಲಿ ಕೇಬಲ್ ತೆಗೆಸಿ ಟಿವಿಯನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿದೆವು. ಜನವರಿ 4ರಂದು ಮೂರನೇ ರೀಚಾರ್ಜ್ ಆಗಿತ್ತು. 27ನೇ ತಾರೀಖು ಮಧ್ಯಾಹ್ನ ಎಲ್ಲ ನಿಂತಿತು. ಪಡಸಾಲೆಗೆ ತಂದೆ, ಮಾಳಿಗೆಗೆ ಹೋದೆ, ಫೋನ್ ಆಫ್ ಮಾಡಿ ಹಾಕಿದೆ. ವೇಗ ಬರಲಿಲ್ಲ. ರಾತ್ರಿ ಹನ್ನೆರಡಕ್ಕೆ ಕೋಟಾ ಹೊಸದಾಗುತ್ತದೆ ಎಂದು ಕಾದೆ. ಆ 2 ಜಿಬಿ ಬಂತು, 5ಜಿ ಮಾತ್ರ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದೆ, ಹಾಗೆಯೇ ಇತ್ತು. ಟವರ್ ಮೇಲಿನ ಭಾರವಾಗಿದ್ದರೆ ಬೆಳಗಿನ ಜಾವ ಸಡಿಲಾಗಬೇಕಿತ್ತು. ದಿನದ ಕೋಟಾ ಆಗಿದ್ದರೆ ಮಧ್ಯರಾತ್ರಿಗೆ ಸರಿಯಾಗಬೇಕಿತ್ತು. ಎರಡೂ ಅಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕ ಹುಡುಗಿ ತಾಳ್ಮೆಯಿಂದ ಹೇಳಿದರು. “ಮೇಡಂ, 30 ದಿನದಲ್ಲಿ 300 ಜಿಬಿ ದಾಟಿದೆ. ದಾಟಿದರೆ ವ್ಯಾಪಾರಕ್ಕೆ ಬಳಸಿದ್ದು ಅಂತ ಲೆಕ್ಕ.” ಎಲ್ಲಿ ಬರೆದಿದೆ ಎಂದು ಕೇಳಿದೆ. ಅವರೇ ದಾರಿ ತೋರಿಸಿದರು. ಆ್ಯಪ್‌ನಲ್ಲಿ ಪ್ಯಾಕ್‌ನ ವಿವರ ಒತ್ತಬೇಕು, ಕೊನೆಯವರೆಗೆ ಇಳಿಯಬೇಕು, ಅಲ್ಲಿ ಷರತ್ತುಗಳ ಕೊಂಡಿ ಇದೆ. ಅದನ್ನು ಒತ್ತಿದರೆ ಇಂಗ್ಲಿಷಿನಲ್ಲಿ ಉದ್ದದ ಪುಟ ತೆರೆಯುತ್ತದೆ. ಹದಿನಾಲ್ಕನೇ ಅಂಶದಲ್ಲಿ ಈ 300 ಜಿಬಿ ಇತ್ತು. ಹಣ ಕಟ್ಟುವ ಪುಟದಲ್ಲಿ ಇದರ ಸುಳಿವೇ ಇಲ್ಲ. ನನಗೆ ಬೇಸರವಾದದ್ದು ಇಲ್ಲಿ. ಮಿತಿ ಇಟ್ಟದ್ದು ತಪ್ಪಲ್ಲ, ಒಂದು ಟವರಿನ ಡೇಟಾ ಎಲ್ಲರೂ ಹಂಚಿಕೊಳ್ಳುವಂಥದ್ದು. ದೊಡ್ಡ ಅಕ್ಷರದಲ್ಲಿ ‘ಅನ್‌ಲಿಮಿಟೆಡ್’ ಎಂದು ಬರೆಯಲು ಜಾಗ ಇರುವವರಿಗೆ ಅದರ ಪಕ್ಕದಲ್ಲಿ ‘30 ದಿನಕ್ಕೆ 300 ಜಿಬಿ’ ಎಂದು ಬರೆಯಲು ಜಾಗ ಇರಲಿಲ್ಲವೇ?

ಕೂತು ಲೆಕ್ಕ ಹಾಕಿದೆ. ಪಾಠಕ್ಕೆ ದಿನಕ್ಕೆ 3 ಜಿಬಿ. ಟಿವಿ ನಾಲ್ಕು ತಾಸು, ತಾಸಿಗೆ 2 ಜಿಬಿಯಂತೆ 8. ಮಗಳ ಫೋನು, ನನ್ನ ಪಾಠದ ರೆಕಾರ್ಡಿಂಗ್ ಅಪ್‌ಲೋಡ್ ಸೇರಿ 2. ಒಟ್ಟು 13. ಜನವರಿ 4ರಿಂದ ಎಣಿಸಿದರೆ 23 ದಿನಕ್ಕೆ 299 ಜಿಬಿ. 24ನೇ ದಿನ ಅಂದರೆ 27ನೇ ತಾರೀಖು. ಲೆಕ್ಕ ಕೂಡಿತು. 300 ಜಿಬಿ ಎಂದರೆ ಕೇಳಲು ದೊಡ್ಡದು, ದಿನಕ್ಕೆ ಹಂಚಿದರೆ 10 ಜಿಬಿ. ಒಬ್ಬರ ಫೋನಿಗೆ ಅದು ಧಾರಾಳ. ಮನೆಮಂದಿಗೆಲ್ಲ ಟಿವಿ ಸಮೇತ ಸಾಲುವುದಿಲ್ಲ.

ಫೆಬ್ರವರಿ 1ಕ್ಕೆ ಸರಿಹೋಗುತ್ತದೆ ಎಂದು ನಂಬಿದ್ದೆ, ಹೋಗಲಿಲ್ಲ. 30 ದಿನದ ಎಣಿಕೆ ತಿಂಗಳ ಒಂದನೇ ತಾರೀಖಿನಿಂದ ಅಲ್ಲ, ನನ್ನ ರೀಚಾರ್ಜ್ ದಿನದಿಂದ. ಫೆಬ್ರವರಿ 3ರ ಬೆಳಿಗ್ಗೆ 5ಜಿ ವಾಪಸ್ ಬಂತು. ಅಲ್ಲಿಯವರೆಗೆ ಪಕ್ಕದ ಮನೆಯವರ ವೈಫೈನಲ್ಲಿ ಪಾಠ ಮಾಡಿದೆ.

ನಡುವೆ ದೂರು ಕೊಟ್ಟು ಡಾಕೆಟ್ ನಂಬರ್ ತೆಗೆದುಕೊಂಡಿದ್ದೆ. ‘ಷರತ್ತಿನ ಪ್ರಕಾರ ಸರಿಯಿದೆ’ ಎಂಬ ಉತ್ತರ ಬಂತು. ಒಪ್ಪಿಗೆಯಾಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ 30 ದಿನದೊಳಗೆ ಬರೆಯಬಹುದು, ಅದಕ್ಕೆ ಹಣವಿಲ್ಲ, 39 ದಿನದಲ್ಲಿ ತೀರ್ಮಾನ ಕೊಡಬೇಕು. ನಾನು ಬರೆದೆ. ಮನೆಯಲ್ಲಿ ಕೂತು ಹತ್ತು ಮಕ್ಕಳಿಗೆ ಪಾಠ ಹೇಳುವುದು ವ್ಯಾಪಾರದ ಬಳಕೆಯೇ ಎಂದು ಕೇಳಿದ್ದೆ. ಆ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ, 300ರ ಅಂಕಿಯನ್ನೇ ಮತ್ತೆ ತೋರಿಸಿದರು. ಟ್ರಾಯ್‌ಗೆ ಬರೆಯಿರಿ ಎಂದು ಹಲವರು ಹೇಳುತ್ತಾರೆ. ಟ್ರಾಯ್ ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬರ ದೂರನ್ನು ಅದು ತಾನೇ ಬಗೆಹರಿಸುವುದಿಲ್ಲ.

ಈಗ ಏನು ಮಾಡಿದ್ದೇನೆ ಎಂದರೆ, ಟಿವಿ ಮತ್ತು ಪಾಠಕ್ಕೆ ಫೈಬರ್ ಎಳೆಸಿದ್ದೇನೆ. ಅದನ್ನೂ ‘ಅನ್‌ಲಿಮಿಟೆಡ್’ ಎಂದೇ ಮಾರುತ್ತಾರೆ. ಈ ಸಲ ಹಣ ಕೊಡುವ ಮೊದಲೇ ಕೇಳಿದೆ: ತಿಂಗಳ ಮಿತಿ ಎಷ್ಟು, ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ, ಎಣಿಕೆ ಯಾವ ತಾರೀಖಿನಿಂದ? ಮಿತಿ 3300 ಜಿಬಿ. ನಮ್ಮ ಮನೆಯ ತಿಂಗಳ ಬಳಕೆ 400 ಜಿಬಿಯ ಆಸುಪಾಸು, ಹಾಗಾಗಿ ಇಲ್ಲಿ ಆ ಮಿತಿ ನಮ್ಮನ್ನು ಮುಟ್ಟುವುದಿಲ್ಲ. ಇಂಥ ತಂತಿ ಸಂಪರ್ಕಕ್ಕೆ ಟ್ರಾಯ್ 2016ರ ಅಕ್ಟೋಬರ್‌ನಲ್ಲೇ ಒಂದು ತಳ ಹಾಕಿತ್ತು. ಮಿತಿ ದಾಟಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬಾರದು ಎಂದಿತ್ತು. ನನ್ನ ಮೊಬೈಲಿನ 64ರ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದರೆ ಎಂಟು ಪಟ್ಟು.

ಮೊಬೈಲ್ ಪ್ಯಾಕ್ ಬಿಟ್ಟಿಲ್ಲ. ಬಯಲಲ್ಲಿ, ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನಲ್ಲಿ, ಕರೆಂಟ್ ಹೋದ ಸಂಜೆ ಪಾಠ ಉಳಿಸಿಕೊಳ್ಳಲು ಅದು ನನಗೆ ಬೇಕು. ಒಬ್ಬರ ಬಳಕೆಗೆ ಐದಕ್ಕೆ ನಾಲ್ಕು ಅಂಕ. ಮನೆಯ ಇಂಟರ್ನೆಟ್ ಎಂದುಕೊಂಡು ತೆಗೆದುಕೊಂಡರೆ ಎರಡು. ಷರತ್ತನ್ನು ಮುಚ್ಚಿಟ್ಟ ರೀತಿಗೆ ಒಂದೂ ಇಲ್ಲ. ಅತ್ತೆಯವರ ನಂಬರನ್ನು ಮಾತ್ರ ಇನ್ನೂ ಚಿಕ್ಕ ಪ್ಯಾಕ್‌ಗೆ ಇಳಿಸಿದೆವು. ಅವರ ಹರಿಕಥೆ ಈಗ ಫೈಬರ್ ಮೇಲೆ ನಡೆಯುತ್ತಿದೆ.