ಅಜ್ಜಿಯ ಮದುವೆಯ ಫೋಟೋಗೆ ಬಣ್ಣ: ಸ್ಟುಡಿಯೋ, ಆ್ಯಪ್ ಮತ್ತು ಹನ್ನೊಂದು ಸಂಜೆಗಳ ಕೈಕೆಲಸ

ಹೋದ ಶ್ರಾವಣದಲ್ಲಿ ಅಜ್ಜಿ ತಮ್ಮ ಟ್ರಂಕಿನ ತಳದಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದು ನನ್ನ ಕೈಗಿಟ್ಟರು. 1966ರಲ್ಲಿ ಚಾಮರಾಜಪೇಟೆಯ ಛತ್ರವೊಂದರಲ್ಲಿ ಅವರ ಮದುವೆಯಾದ ಮರುದಿನ ತೆಗೆದದ್ದು. ತಾತ ಮೈಸೂರು ಪೇಟ ಧರಿಸಿ, ಬಾಸಿಂಗ ಕಟ್ಟಿಕೊಂಡು, ಶಲ್ಯ ಹೊದ್ದು ನಿಂತಿದ್ದಾರೆ. ಪಕ್ಕದಲ್ಲಿ ಅಜ್ಜಿ. ಹಿಂದೆ ಸುಣ್ಣ ಉದುರಿದ ಗೋಡೆ, ಜೋತುಬಿದ್ದ ವಿದ್ಯುತ್ ತಂತಿ.

"ಇದಕ್ಕೆ ಬಣ್ಣ ಹಾಕಿಸಿಕೊಡು ಮಗು. ಆ ಗೋಡೆ ಬೇಡ. ನಮ್ಮ ಮಂಟಪಕ್ಕೆ ಬಾಳೆಕಂದು, ಮಾವಿನ ತೋರಣ ಎಲ್ಲ ಇತ್ತು, ಅದರ ಮುಂದೆ ನಿಂತ ಹಾಗೆ ಮಾಡು" ಎಂದರು. ಈ ಒಂದು ಕೆಲಸಕ್ಕಾಗಿ ನಾನು ಮೂರು ದಾರಿಗಳನ್ನು ಹಿಡಿದು ನೋಡಿದೆ: ಫೋನಿನ ಆ್ಯಪ್, ಚಿಕ್ಕಪೇಟೆಯ ಕಡೆಯ ಒಂದು ಸ್ಟುಡಿಯೋ, ಕೊನೆಗೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ನಾನೇ ಮಾಡಿದ ಕೆಲಸ. ಗೋಡೆಯ ಮೇಲೆ ಈಗ ತೂಗುತ್ತಿರುವುದು ಮೂರನೆಯದು. ಸಮಯವಿದ್ದವರಿಗೆ ನಾನು ಹೇಳುವುದೂ ಅದನ್ನೇ.

ಮೊದಲು ಆ್ಯಪ್ ವಿಷಯ. ತಿಂಗಳಿಗೆ 499 ರೂಪಾಯಿ ಕಟ್ಟಿದೆ. ಅರ್ಧ ನಿಮಿಷದಲ್ಲಿ ಬಣ್ಣದ ಚಿತ್ರ ಬಂತು. ಚರ್ಮ, ಬಿಳಿ ಪಂಚೆ, ಮಲ್ಲಿಗೆಯ ದಂಡೆ ಇವೆಲ್ಲ ನೋಡಲು ಚೆನ್ನಾಗಿಯೇ ಇದ್ದವು. ಆದರೆ ಸೀರೆ ಸೆರಗಿನಿಂದ ನೆರಿಗೆಯ ತನಕ ಒಂದೇ ಮಸುಕು ಕಂದು ಬಣ್ಣಕ್ಕೆ ತಿರುಗಿತ್ತು, ಅಂಚೇ ಇರಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ನನ್ನ ಸೀರೆ ಗಿಳಿಹಸಿರು ಕಣೋ, ಅರಗಿನ ಬಣ್ಣದ ಅಂಚು. ಇದ್ಯಾವ ಸೀರೆ?" ಎಂದು ಕೇಳಿದರು.

ಇಂತಹ ತಂತ್ರಾಂಶ ಚಿತ್ರದ ಬೆಳಕು ನೆರಳನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಯಾವ ಬಣ್ಣ ಇದ್ದೀತು ಎಂದು ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದಲ್ಲಿ ಊಹಿಸುತ್ತದೆ. ಹುಲ್ಲು, ಆಕಾಶ, ಮುಖ ಇವುಗಳ ಬಣ್ಣ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಊಹೆ ಸರಿಹೋಗುತ್ತದೆ. ಸೀರೆ ಕೆಂಪೂ ಇರಬಹುದು, ನೀಲಿಯೂ ಇರಬಹುದು, ಹಸಿರೂ ಇರಬಹುದು. ಎಲ್ಲ ಸಾಧ್ಯತೆಗಳೂ ಸಮನಾಗಿದ್ದಾಗ ಊಹೆ ಅವುಗಳ ನಡುವೆ ಎಲ್ಲೋ ನಿಲ್ಲುತ್ತದೆ, ಬಣ್ಣಗಳ ನಡುವೆ ಇರುವುದು ಕಂದು ಮತ್ತು ಬೂದು. 2016ರಲ್ಲಿ ರಿಚರ್ಡ್ ಜಾಂಗ್, ಫಿಲಿಪ್ ಐಸೋಲಾ ಮತ್ತು ಅಲೆಕ್ಸೀ ಎಫ್ರೋಸ್ ಈ ವಿಷಯದ ಮೇಲೆ ಬರೆದ ಪ್ರಬಂಧವು ಹಿಂದಿನ ವಿಧಾನಗಳ ಈ ಮಂಕುತನವನ್ನೇ ಎತ್ತಿ ತೋರಿಸಿತ್ತು. ಅವರು ಬಣ್ಣಗಳನ್ನು ಗಾಢವಾಗಿಸುವ ದಾರಿ ಕಂಡುಕೊಂಡರು. ಆದರೆ ಗಾಢವಾದ ಊಹೆಯೂ ಊಹೆಯೇ, ಅಜ್ಜಿಯ ಸೀರೆ ಯಾವುದೆಂದು ಅದಕ್ಕೂ ತಿಳಿಯುವುದಿಲ್ಲ.

ಅದೇ ಆ್ಯಪ್‌ನಲ್ಲಿ ಚಿತ್ರದ ರೂಪವನ್ನೇ ಬದಲಿಸುವ ಇನ್ನೊಂದು ಸೌಲಭ್ಯವಿತ್ತು. ಮಂಟಪ ಬೇಕೆಂದು ಕೇಳಿದೆ, ಹೂವಿನ ರಾಶಿಯ ನಡುವೆ ಥಳಥಳಿಸುವ ಮಂಟಪ ಬಂತು. ಬಾಸಿಂಗ ಕಿರೀಟವಾಯಿತು. ತಾತನ ಮುಖದಲ್ಲಿ ನಗು ಮೂಡಿತು. ಅಜ್ಜಿ ಬಹಳ ಹೊತ್ತು ನೋಡಿ, "ಇವರು ಯಾರಪ್ಪ?" ಎಂದರು. ತಾತನ ಎಡ ಹುಬ್ಬಿನ ನಡುವೆ ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಆದ ಗಾಯದ ಗೀರೊಂದಿತ್ತು. ಅದು ಮಾಯವಾಗಿತ್ತು.

ಮುಖ ಬದಲಾಗಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ಏಕೆಂದರೆ ಚೆಂದದ ಮುಖವನ್ನು ಕಣ್ಣು ಬೇಗ ಒಪ್ಪಿಕೊಳ್ಳುತ್ತದೆ. ಅದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಗಿಂಪ್‌ನಲ್ಲಿ ಮೂಲ ಸ್ಕ್ಯಾನ್ ಕೆಳಗಿನ ಪದರದಲ್ಲಿರಲಿ. ಬಣ್ಣ ಹಾಕಿ ಬಂದ ಚಿತ್ರವನ್ನು ಮತ್ತೆ ಕಪ್ಪುಬಿಳುಪು ಮಾಡಿ, ಅಳತೆ ಸರಿಹೊಂದಿಸಿ, ಮೇಲಿನ ಪದರದಲ್ಲಿಟ್ಟು ಅದರ ವಿಧಾನವನ್ನು `Difference` ಎಂದು ಬದಲಿಸಬೇಕು. ಎರಡೂ ಒಂದೇ ಆಗಿರುವಲ್ಲಿ ಪರದೆ ಕಪ್ಪಾಗುತ್ತದೆ, ವ್ಯತ್ಯಾಸವಿರುವ ಜಾಗ ಬೆಳ್ಳಗೆ ಹೊಳೆಯುತ್ತದೆ. ಬರೀ ಬಣ್ಣ ಹಾಕಿದ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿತ್ತು. ರೂಪ ಬದಲಿಸಿದ ಚಿತ್ರದಲ್ಲಿ ತಾತನ ಕಣ್ಣು, ತುಟಿ, ಹುಬ್ಬು ಎಲ್ಲವೂ ಗೆರೆ ಎಳೆದಂತೆ ಬೆಳಗಿದವು, ಎಂದರೆ ಆ ಮುಖವನ್ನು ಹೊಸದಾಗಿ ಬರೆಯಲಾಗಿತ್ತು. ಆ್ಯಪ್ ಚಂದಾವನ್ನು ಆ ರಾತ್ರಿಯೇ ನಿಲ್ಲಿಸಿದೆ.

ಸ್ಟುಡಿಯೋದವರು 1,800 ರೂಪಾಯಿ ತೆಗೆದುಕೊಂಡು ನಾಲ್ಕು ದಿನಕ್ಕೆ ಕೊಟ್ಟರು. ಫೋಟೋದ ನಡುವೆ ಇದ್ದ ಮಡಿಕೆಯ ಬಿರುಕನ್ನು ಅವರು ಮುಚ್ಚಿದ ರೀತಿ ನನ್ನ ಕೈಗೆ ಎಂದೂ ಬರುವುದಿಲ್ಲ. ಆದರೆ ಮದುಮಗಳ ಸೀರೆ ಕೆಂಪಾಗಿದ್ದರೇ ಶೋಭೆ ಎಂದು ಕೆಂಪು ಹಾಕಿದ್ದರು, ಅಜ್ಜಿಯ ಗಲ್ಲದ ಮೇಲಿನ ಮಚ್ಚೆಯನ್ನು ಕಲೆ ಎಂದು ತಿಳಿದು ಅಳಿಸಿದ್ದರು. ಹಸಿರು ಎಂದು ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ತಿದ್ದಿಕೊಡಲು ಮತ್ತೆ ಹಣ ಕೇಳಿದಾಗ ಬೇಡವೆಂದು ಬಂದೆ.

ಮನೆಯಲ್ಲಿ ಕೆಲಸ ಶುರುಮಾಡಿದ ಮೇಲೆ ನಿಜವಾದ ತೊಡಕು ಎದುರಾಯಿತು. ಆರು ಅಂಗುಲಕ್ಕೆ ಎಂಟು ಅಂಗುಲದ ಆ ಫೋಟೋವನ್ನು ಅಂಗಡಿಯೊಂದರಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ ತಂದಿದ್ದೆ. ಎಷ್ಟು ಹಿಗ್ಗಿಸಿ ನೋಡಿದರೂ ಸೀರೆಯ ಒಡಲು ಎಲ್ಲಿ ಮುಗಿಯುತ್ತದೆ, ಅಂಚು ಎಲ್ಲಿ ಶುರುವಾಗುತ್ತದೆ ಎಂಬುದು ಕಾಣಲಿಲ್ಲ. ಕಪ್ಪುಬಿಳುಪು ಫಿಲಂ ಹಿಡಿಯುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಒಂದು ಹಸಿರು, ಒಂದು ಕೆಂಪು ಸರಿಸುಮಾರು ಸಮನಾದ ಬೆಳಕು ಕೊಟ್ಟರೆ ಕಾಗದದ ಮೇಲೆ ಎರಡೂ ಒಂದೇ ಬೂದು. ಆ್ಯಪ್ ಅಂಚನ್ನು ಕಾಣದೇ ಹೋದದ್ದಕ್ಕೂ ಇದೇ ಕಾರಣ.

ಸೀರೆ ಈಗಿಲ್ಲ. ಎಪ್ಪತ್ತರ ದಶಕದಲ್ಲಿ ಮನೆಯ ಕಷ್ಟಕ್ಕೆ ಅಜ್ಜಿ ಅದನ್ನು ಹಳೆಯ ಜರಿ ಕೊಳ್ಳುವವರಿಗೆ ಕೊಟ್ಟಿದ್ದರು. ಜರಿಯಲ್ಲಿದ್ದ ಬೆಳ್ಳಿಗೆ ಆಗ ಬೆಲೆ ಸಿಗುತ್ತಿತ್ತು. ಈ ಮಾತು ಹೇಳಿ ಸುಮ್ಮನೆ ಕೂತಿದ್ದವರು, ಇದ್ದಕ್ಕಿದ್ದಂತೆ ಎದ್ದು ಟ್ರಂಕಿನಿಂದ ಒಂದು ಕುಪ್ಪಸ ತಂದರು. ಅದೇ ಸೀರೆಯ ತುಂಡಿನಲ್ಲಿ ಹೊಲಿಸಿದ್ದು, ತೋಳಿಗೆ ಸೀರೆಯದೇ ಅಂಚು. ಹೊರಗಿನ ಬಣ್ಣ ಒಣಗಿದ ಬೇವಿನೆಲೆಯಂತೆ ಮಾಸಿತ್ತು. ಅಜ್ಜಿ ಕಂಕುಳ ಬಳಿಯ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಎರಡಂಗುಲ ಬಿಚ್ಚಿದರು. ಒಳಗೆ ಮಡಿಸಿದ್ದ ಬಟ್ಟೆಗೆ ಅಷ್ಟು ವರ್ಷ ಬೆಳಕೇ ತಾಗಿರಲಿಲ್ಲ. ಅಲ್ಲಿ ಗಿಳಿಹಸಿರು ಗಿಳಿಹಸಿರಾಗಿಯೇ ಇತ್ತು, ಅಂಚಿನ ಪಟ್ಟಿಯಲ್ಲಿ ಅರಗಿನ ಕೆಂಪು ಹಾಗೆಯೇ ಉಳಿದಿತ್ತು.

ಫೋನಿನಲ್ಲಿ ತೆಗೆದರೆ ಕೋಣೆಯ ದೀಪದ ಹಳದಿ ಸೇರಿಕೊಳ್ಳುತ್ತದೆ ಎಂದು ಕುಪ್ಪಸವನ್ನೇ ಅಂಗಡಿಗೆ ಒಯ್ದು, ಬಿಚ್ಚಿದ ಹೊಲಿಗೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಅಗಲಿಸಿ, ಪಕ್ಕದಲ್ಲಿ ಬಿಳಿ ಕಾಗದವಿಟ್ಟು ಸ್ಕ್ಯಾನ್ ಮಾಡಿಸಿದೆ. ಆ ಚಿತ್ರವನ್ನು ಕಪ್ಪುಬಿಳುಪು ಮಾಡಿದಾಗ ಹಸಿರೂ ಅರಗೂ ನಿಜಕ್ಕೂ ಒಂದರಲ್ಲೊಂದು ಕರಗಿಹೋದವು. ಅಜ್ಜಿಯ ನೆನಪಿಗೂ ಫೋಟೋಗೂ ತಾಳೆಯಾಯಿತು. ಜರಿಯ ಬಣ್ಣ ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ. ಸ್ಕ್ಯಾನರಿನ ಬೆಳಕಿನಲ್ಲಿ ಜರಿ ಹೊಳೆಯದೆ ಕಂದಾಗಿ ಕಾಣುತ್ತದೆ, ಅದನ್ನು ಕಿಟಕಿಯ ಬಳಿ ಹಿಡಿದು ಕಣ್ಣಿನಿಂದಲೇ ಹೊಂದಿಸಬೇಕಾಯಿತು.

ಬಣ್ಣ ಸಿಕ್ಕಿತು, ಅಂಚಿನ ಗಡಿ ಇನ್ನೂ ಉಳಿಯಿತು. ಕುಪ್ಪಸದ ತೋಳಿನ ಅಂಚನ್ನು ಟೇಪಿನಲ್ಲಿ ಅಳೆದೆ, ಎರಡೂವರೆ ಅಂಗುಲ. ಫೋಟೋದಲ್ಲಿ ಅದೇ ತೋಳಿನ ಜರಿಗೆರೆಯಿಂದ ತುದಿಯ ತನಕ ಸುಮಾರು 160 ಪಿಕ್ಸೆಲ್ ಇತ್ತು. ಸೀರೆಯ ಅಂಚೂ ಅಷ್ಟೇ ಅಗಲವೆಂದು ಅಜ್ಜಿ ಖಚಿತವಾಗಿ ಹೇಳಿದ್ದರಿಂದ ಇಡೀ ಸೀರೆಗೆ ಅಳತೆಗೋಲು ಸಿಕ್ಕಿತು. ಚಿತ್ರದ ಕಾಂತಿಯ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಬಹಳ ಹೆಚ್ಚಿಸಿದಾಗ, ಅಂಚನ್ನು ಒಡಲಿನಿಂದ ಬೇರ್ಪಡಿಸುವ ಜರಿಯ ಸಣ್ಣ ಗೆರೆ ನೆರಿಗೆಯಿಂದ ನೆರಿಗೆಗೆ ತುಂಡುತುಂಡಾಗಿ ಕಂಡಿತು. ಕಾಣದ ಕಡೆ ಅಳತೆಯಿಂದ ಸೇರಿಸಿದೆ. ನೆರಿಗೆಯ ಮಡಿಕೆಯಲ್ಲಿ ಅಂಚು ಕಿರಿದಾಗುವುದನ್ನು ಮರೆತು ಎರಡು ಸಂಜೆಯ ಕೆಲಸ ಅಳಿಸಬೇಕಾಯಿತು. ಅಜ್ಜಿ ತಾವುಟ್ಟ ಸೀರೆಯ ನೆರಿಗೆಯನ್ನೇ ಕೈಯಲ್ಲಿ ಹಿಡಿದು, ಅಂಚು ಹೇಗೆ ಒಳಗೆ ಹೋಗಿ ಹೊರಗೆ ಬರುತ್ತದೆ ಎಂದು ತೋರಿಸಿದ ಮೇಲೆಯೇ ನನಗೆ ಅರ್ಥವಾದದ್ದು.

ಬಣ್ಣ ಹಾಕುವ ಕ್ರಮ ಇಷ್ಟೇ: ಒಂದೊಂದು ಬಣ್ಣಕ್ಕೂ ಒಂದೊಂದು ಪದರ, ಆ ಪದರದ ವಿಧಾನ `LCh Color`. ಹೀಗಿಟ್ಟರೆ ಕುಂಚ ಎಷ್ಟು ಒರಟಾಗಿ ಓಡಿದರೂ ಕೆಳಗಿನ ಬೆಳಕು ನೆರಳು ಹಾಗೆಯೇ ಉಳಿಯುತ್ತದೆ, ಮುಖದ ಒಂದು ಗೆರೆಯೂ ಕದಲುವುದಿಲ್ಲ. ಒಡವೆಗೆ ಒಂದೇ ಹಳದಿ ಹಾಕಿದರೆ ಅರಿಶಿನ ಬಳಿದಂತಾಗುತ್ತದೆ. ನೆರಳಿನ ಕಡೆ ಕೆಂಪು ಬೆರೆತ ಕಂದು, ಹೊಳಪಿನ ಕಡೆ ಬಣ್ಣವೇ ಇಲ್ಲದಷ್ಟು ತೆಳು ಹಳದಿ ಕೊಟ್ಟಾಗ ಕಾಸಿನ ಸರ ಚಿನ್ನವಾಯಿತು.

ಮಂಟಪಕ್ಕಾಗಿ ವರಮಹಾಲಕ್ಷ್ಮಿ ಹಬ್ಬದಂದು ನೆಂಟರ ಮನೆಯ ಬಾಗಿಲಿಗೆ ಕಟ್ಟಿದ್ದ ಬಾಳೆಕಂದು, ತೋರಣಗಳ ಫೋಟೋ ತೆಗೆದುಕೊಂಡೆ. ಮೂಲದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದ್ದರಿಂದ ಇದನ್ನೂ ಎಡದಿಂದ ಬಿಸಿಲು ಬೀಳುವ ಹೊತ್ತಿಗೆ ತೆಗೆದೆ. ಅದನ್ನು ಬಣ್ಣದಲ್ಲೇ ಅಂಟಿಸಿದರೆ ಕತ್ತರಿಸಿ ಹಚ್ಚಿದಂತೆ ಕಾಣುತ್ತದೆ. ಮೊದಲು ಕಪ್ಪುಬಿಳುಪು ಮಾಡಿ, ತುಸು ಮಸುಕಾಗಿಸಿ, ಹಳೆಯ ಫೋಟೋದಷ್ಟೇ ಕಾಳುಕಾಳು ಬೆರೆಸಿ, ಆಮೇಲೆ ಉಳಿದದ್ದರ ಜೊತೆಯಲ್ಲೇ ಬಣ್ಣ ಹಾಕಿದ್ದರಿಂದ ಅದು ಆ ಕಾಲದ್ದೇ ಎಂಬಂತೆ ಕೂತಿತು.

ಹನ್ನೊಂದು ಸಂಜೆ ಹಿಡಿಯಿತು. ನಾನು ಕೆಲಸದಿಂದ ಏಳಕ್ಕೆ ಮನೆ ಸೇರುವವನು, ಅಜ್ಜಿ ಒಂಬತ್ತಕ್ಕೆ ಮಲಗುವವರು. ನಡುವಿನ ಆ ಎರಡು ಗಂಟೆ ನಮಗಿತ್ತು, ಖರ್ಚು ಸ್ಕ್ಯಾನಿಗೂ ಪ್ರಿಂಟಿಗೂ ಸೇರಿ 400 ರೂಪಾಯಿ ದಾಟಲಿಲ್ಲ. ಬಿಡುವಿಲ್ಲದವರು, ಫೋಟೋದಲ್ಲಿರುವವರನ್ನು ಕೇಳಿ ತಿಳಿಯಲಾಗದವರು ಬಿರುಕು ಮುಚ್ಚುವುದನ್ನು ಸ್ಟುಡಿಯೋಗೆ ಒಪ್ಪಿಸಿ, ಬಣ್ಣದ ವಿವರವನ್ನು ಕೂತು ಹೇಳಿ ಮಾಡಿಸುವುದು ವಾಸಿ. ಆ್ಯಪ್‌ನಲ್ಲಿ ರೂಪ ಬದಲಿಸುವ ಸೌಲಭ್ಯವನ್ನು ಮನೆಯವರ ಮುಖವಿರುವ ಚಿತ್ರಕ್ಕೆ ನಾನು ಮತ್ತೆ ಬಳಸುವುದಿಲ್ಲ.

ತಾತನ ಶಲ್ಯದ ಬಣ್ಣ ಅಜ್ಜಿಗೆ ನೆನಪಾಗಲಿಲ್ಲ. ಏನಾದರೊಂದು ಹಾಕಲೇ ಎಂದು ಕೇಳಿದೆ. "ಬೇಡ, ಅದು ಹಾಗೇ ಇರಲಿ" ಎಂದರು. ಪ್ರಿಂಟ್ ಬಂದ ದಿನ ಅದರ ಬೆನ್ನಿಗೆ ಪೆನ್ಸಿಲ್‌ನಲ್ಲಿ ನನ್ನಿಂದ ಬರೆಸಿದರು: ಸೀರೆ, ಅಂಚು ಕುಪ್ಪಸ ನೋಡಿ ಹಾಕಿದ್ದು. ಒಡವೆ, ಹೂವು ನೆನಪಿನಿಂದ. ಮಂಟಪ ಈಚಿನದು. ಶಲ್ಯ ತಿಳಿಯದು.