‘ಯಾರು?’ ಎಂದು ಕೇಳುವ ಪ್ರೂಫ್ ಸೇವೆ: ಮೂರು ವರ್ಷದ ಬಳಕೆಯ ನಂತರ

ಸಂಶೋಧನಾ ಪ್ರಬಂಧದ ಸಾರಾಂಶವನ್ನಷ್ಟೇ ತಿದ್ದಿಕೊಡುವ ಸೇವೆಯೊಂದನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಈವರೆಗೆ ಹತ್ತು ಸಾರಾಂಶ ಕಳಿಸಿದ್ದೇನೆ. ಪದಮಿತಿ, ಕ್ರಿಯಾಪದದ ಕಾಲ, ಸರ್ವನಾಮ ಈ ಮೂರನ್ನು ನೋಡಿಕೊಡುತ್ತಾರೆ. ದರ ಪದಕ್ಕಿಷ್ಟು ಅಂತ, ಹಾಗಾಗಿ ಬೇಡದ ಮಾತನ್ನು ಮೊದಲೇ ಕಿತ್ತೊಗೆದು ಕಳಿಸುವ ಜಿಪುಣತನ ನನಗೆ ತಾನಾಗಿಯೇ ಬಂತು.

ಮೊದಲ ಸಲ ಫೈಲ್ ವಾಪಸ್ ಬಂದಾಗ ಸಿಟ್ಟು ಬಂದಿತ್ತು. ನಾನು ಬರೆದದ್ದು ಹೀಗಿತ್ತು: ‘ಶಿಕ್ಷಕರು ಮಕ್ಕಳಿಗೆ ಪಾಠವನ್ನು ಓದಿ ಹೇಳಿದ ನಂತರ ಅವರು ಪ್ರಶ್ನೆಗಳನ್ನು ಕೇಳಿದರು.’ ಪಕ್ಕದಲ್ಲಿ ಒಂದೇ ಪದದ ಟಿಪ್ಪಣಿ: ‘ಯಾರು?’ ತಿದ್ದಿಲ್ಲ, ಬದಲಿ ಪದ ಸೂಚಿಸಿಲ್ಲ. ದುಡ್ಡು ಕೊಟ್ಟದ್ದು ತಿದ್ದಲಿಕ್ಕಲ್ಲವೇ ಅಂದುಕೊಂಡೆ. ಆಮೇಲೆ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಕೇಳಿದವರು ಮಕ್ಕಳು ಎಂದು ನನಗೆ ಗೊತ್ತು, ತರಗತಿಯಲ್ಲಿ ಕೂತು ನೋಡಿದವಳು ನಾನು. ಓದುಗರಿಗೆ ಅದು ಹೇಗೆ ಗೊತ್ತಾಗಬೇಕು? ಕನ್ನಡದ ‘ಅವರು’ ಗೌರವಕ್ಕೂ ಬರುತ್ತದೆ, ಬಹುವಚನಕ್ಕೂ ಬರುತ್ತದೆ. ಶಿಕ್ಷಕರೂ ‘ಅವರು’, ಮಕ್ಕಳೂ ‘ಅವರು’. ತಿದ್ದುವವರು ಊಹೆಯ ಮೇಲೆ ‘ಶಿಕ್ಷಕರು’ ಎಂದು ಹಾಕಿಬಿಟ್ಟಿದ್ದರೆ ನನ್ನ ಫಲಿತಾಂಶವೇ ತಲೆಕೆಳಗಾಗುತ್ತಿತ್ತು. ‘ಅವರು’ ತೆಗೆದು ‘ಮಕ್ಕಳು’ ಎಂದು ಬರೆದೆ. ಪದದ ಲೆಕ್ಕ ಒಂದೂ ಏರಲಿಲ್ಲ.

ಆ ‘ಯಾರು?’ ಈಗ ನನಗೆ ಚಟವಾಗಿದೆ. ಕಳಿಸುವ ಮುನ್ನ ಎಲ್ಲ ‘ಅವರು’, ‘ಇದು’, ‘ಅದು’, ‘ಇವು’, ‘ಇದರಿಂದ’, ‘ತಮ್ಮ’ಗಳಿಗೆ ಹಳದಿ ಬಣ್ಣ ಬಳಿಯುತ್ತೇನೆ. ಕಂಪ್ಯೂಟರಿನ ಹುಡುಕಾಟವನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ. ‘ಇದು’ ಎಂದು ಕೊಟ್ಟರೆ ‘ಇದನ್ನು’ ತಪ್ಪಿಸಿಕೊಳ್ಳುತ್ತದೆ, ‘ಇದ’ ಎಂದು ಕೊಟ್ಟರೆ ‘ಇದೆ’, ‘ಇದ್ದ’ ಎಲ್ಲವೂ ಬಲೆಗೆ ಬೀಳುತ್ತವೆ. ಆದ್ದರಿಂದ ಅಚ್ಚು ಹಾಕಿಸಿ ಕೈಯಲ್ಲೇ ಬಳಿಯುವುದು. ಪ್ರತಿ ಹಳದಿ ಪದದಿಂದ ಹಿಂದಕ್ಕೆ ಬೆರಳಿಟ್ಟು ಹೋಗುತ್ತೇನೆ. ಬೆರಳು ಒಂದೇ ನಾಮಪದದ ಮೇಲೆ ನಿಂತರೆ ಸರಿ. ಎರಡರ ನಡುವೆ ತಡವರಿಸಿದರೆ ಸರ್ವನಾಮ ಹೋಗಬೇಕು. ಎಲ್ಲೂ ನಿಲ್ಲದೆ ಹಿಂದಿನ ಇಡೀ ವಾಕ್ಯದ ಮೇಲೆ ಜಾರಾಡಿದರೆ ಅದು ‘ಇದರಿಂದ ತಿಳಿಯುವುದೇನೆಂದರೆ’ ಜಾತಿಯ ವಾಕ್ಯ. ಅಲ್ಲಿ ‘ಈ ಏರಿಕೆಯಿಂದ’, ‘ಈ ವ್ಯತ್ಯಾಸದಿಂದ’ ಎಂದು ಒಂದು ನಾಮಪದ ಸೇರಿಸಲೇಬೇಕು.

ಕಾಲದ ವಿಷಯದಲ್ಲಿ ಅವರು ಹಿಡಿದದ್ದು ಹೆಚ್ಚಾಗಿ ಒಂದೇ ರೋಗ. ನಾನು ಸಾರಾಂಶವನ್ನು ಸಂಶೋಧನಾ ಪ್ರಸ್ತಾವನೆಯಿಂದ ಎತ್ತಿ ಹಾಕಿಕೊಳ್ಳುತ್ತೇನೆ. ಪ್ರಸ್ತಾವನೆಯಲ್ಲಿ ‘ಅಳೆಯಲಾಗುವುದು’ ಸರಿ. ಕೆಲಸ ಮುಗಿದ ಮೇಲೆ ಅದು ‘ಅಳೆಯಲಾಯಿತು’ ಆಗಬೇಕು. ಒಂದೆರಡು ‘ಲಾಗುವುದು’ ಯಾವಾಗಲೂ ಉಳಿದುಬಿಡುತ್ತವೆ. ಇನ್ನೊಂದು ಸೂಕ್ಷ್ಮ ಫಲಿತಾಂಶದ್ದು. ‘ವೇಗ ಹೆಚ್ಚಿತು’ ಅಂದರೆ ನನ್ನ ಮಕ್ಕಳಲ್ಲಿ ಹೆಚ್ಚಿತು. ‘ವೇಗ ಹೆಚ್ಚುತ್ತದೆ’ ಅಂದರೆ ಎಲ್ಲ ಮಕ್ಕಳಲ್ಲೂ, ಯಾವಾಗಲೂ. ಅಷ್ಟು ದೊಡ್ಡ ಮಾತಾಡಲು ನನ್ನ ಹತ್ತಿರ ಇದ್ದದ್ದು ಒಂದು ಶಾಲೆ.

ಇಲ್ಲಿಯವರೆಗೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಹೋದ ವರ್ಷ ಕೆಟ್ಟಿತು.

ಗಡುವಿಗೆ ಒಂದು ದಿನ ಉಳಿದಿತ್ತು. ಸಾರಾಂಶ 214 ಪದ, ಪತ್ರಿಕೆಯ ಮಿತಿ 200. ಅವರಲ್ಲೇ ‘ತ್ವರಿತ’ ಅಂತ ಒಂದು ವಿಭಾಗ ಇದೆ, ದರ ಒಂದೂವರೆ ಪಟ್ಟು, ತಿದ್ದುವವರು ಬೇರೆ. ಅಲ್ಲಿಗೆ ಕೊಟ್ಟೆ. ಬೆಳಗ್ಗೆ ಬಂದಾಗ ಸರಿಯಾಗಿ 200 ಇತ್ತು. ಖುಷಿಯಲ್ಲಿ ಓದದೇ ಸಲ್ಲಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಎರಡು ತಿಂಗಳ ನಂತರ ಪರಿಶೀಲಕರ ಪತ್ರ ಬಂತು. ಸಾರಾಂಶದ ಬಗ್ಗೆ ಎರಡು ಪ್ರಶ್ನೆ: ‘ಯಾರ ವೇಗ?’, ‘ಏನು ತೋರಿಸುತ್ತದೆ?’

ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ತಿಳಿಯಿತು. ನನ್ನ ‘ಮೂರನೇ ಮತ್ತು ನಾಲ್ಕನೇ ತರಗತಿಯ ಮಕ್ಕಳ ಓದಿನ ವೇಗ’ ಅಲ್ಲಿ ‘ಅವರ ಓದಿನ ವೇಗ’ ಆಗಿತ್ತು. ನಾಲ್ಕು ಪದ ಉಳಿತಾಯ, ಹಿಂದಿನ ವಾಕ್ಯದ ಕರ್ತೃ ಮಾತ್ರ ಶಿಕ್ಷಕರು. ‘ಗಟ್ಟಿಯಾಗಿ ಓದುವ ವೇಗವು’ ಎಂಬುದು ‘ಅದು’ ಆಗಿ ಎರಡು ಉಳಿದವು. ಕೊನೆಯಲ್ಲಿ ‘ವೇಗವೂ ತಪ್ಪೂ ಒಟ್ಟಿಗೆ ಏರಿದ್ದು’ ಎಂಬ ಇಡೀ ಪ್ರಬಂಧದ ತಿರುಳು ಬರೀ ‘ಇದು’ ಆಗಿ ಮೂರು. ಒಟ್ಟು ಒಂಬತ್ತು. ಉಳಿದ ಐದನ್ನು ಅಂಟಿಸಿ ತೆಗೆದಿದ್ದರು: ‘ತಿಳಿದು ಬಂದಿದೆ’ ಎಂಬುದು ‘ತಿಳಿದುಬಂದಿದೆ’ ಆದರೆ ಎಣಿಕೆಗೆ ಒಂದೇ ಪದ, ಏಕೆಂದರೆ ಎಣಿಕೆ ನಡೆಯುವುದು ನಡುವಿನ ಖಾಲಿ ಜಾಗದ ಮೇಲೆ. ಇಂಥದ್ದು ಒಂದೆರಡು ನಡೆಯುತ್ತದೆ, ರೂಢಿಯಲ್ಲೂ ಇದೆ. ‘ಅಳೆಯಲಾಯಿತೆಂಬುದನ್ನಾಧರಿಸಿ’ ಎಂದು ಓದಿದಾಗ ಮಾತ್ರ ನನ್ನ ಬಾಯಿ ಒಣಗಿತು.

ದೂರು ಬರೆದೆ. ‘ನೀವು ಕೇಳಿದ್ದು 200 ಪದ, ಕೊಟ್ಟಿದ್ದೇವೆ’ ಎಂದು ಉತ್ತರ ಬಂತು. ಹಣ ವಾಪಸ್ ಇಲ್ಲ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ, ಹೊಟ್ಟೆ ಉರಿದದ್ದೂ ಅದಕ್ಕೇ. ಒಂದೇ ಸಂಸ್ಥೆಯಲ್ಲಿ ಒಬ್ಬರು ಸರ್ವನಾಮಕ್ಕೆ ‘ಯಾರು?’ ಎಂದು ಕೇಳುತ್ತಾರೆ, ಇನ್ನೊಬ್ಬರು ಅದೇ ಸರ್ವನಾಮವನ್ನು ಕೈಯಾರೆ ತಂದು ಕೂರಿಸುತ್ತಾರೆ.

ಪರಿಷ್ಕೃತ ಪ್ರತಿಗೆ ಹಳೆಯ, ನಿಧಾನದ ವಿಭಾಗಕ್ಕೇ ಹೋದೆ. 214 ಪದದ ಮೂಲವನ್ನೇ ಕಳಿಸಿದೆ. ಅವರು ನಾಮಪದಗಳನ್ನು ಮುಟ್ಟಲೇ ಇಲ್ಲ. ‘ಓದು ಎಂಬುದು ಕಲಿಕೆಯ ಒಂದು ಮುಖ್ಯ ಅಂಗವಾಗಿದೆ’ ಎಂಬ ಮೊದಲ ವಾಕ್ಯದ ಮೇಲೆ ಗೆರೆ: ಆರು ಪದ. ‘ಮೇಲಿನ ಎಲ್ಲ ಅಂಶಗಳನ್ನು ಗಮನಿಸಿದಾಗ ತಿಳಿದು ಬರುವುದೇನೆಂದರೆ’ ಮೇಲೆ ಗೆರೆ: ಆರು. ‘ಈ ದಿಸೆಯಲ್ಲಿ ಹೆಚ್ಚಿನ ಸಂಶೋಧನೆಗಳು ನಡೆಯಬೇಕಾದ ಅಗತ್ಯವಿದೆ’ ಮೇಲೆಯೂ ಗೆರೆ: ಮತ್ತೆ ಆರು. ಲೆಕ್ಕ 196ಕ್ಕೆ ಇಳಿಯಿತು. ಪಕ್ಕದಲ್ಲಿ ಒಂದು ಪ್ರಶ್ನೆ: ‘ಪ್ರಯೋಗ ಎಷ್ಟು ದಿನದ್ದು?’ ನಾನು ಬರೆದೇ ಇರಲಿಲ್ಲ! ‘ಹನ್ನೆರಡು ವಾರಗಳ ಕಾಲ’ ಎಂದು ಮೂರು ಪದ ಸೇರಿಸಿದೆ. 199.

ಹದಿನೆಂಟು ಪದ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಬರೆಯುವಾಗ ಆ ಮೂರು ವಾಕ್ಯಗಳ ಮೇಲೆ ನನಗಿದ್ದ ಪ್ರೀತಿ ನೆನೆದರೆ ನಗು ಬರುತ್ತದೆ.

ಅವರು ಮಾಡದ ಕೆಲಸವೊಂದನ್ನು ತಿಳಿದಿರಬೇಕು. ಸಾರಾಂಶದ ಅಂಕಿಗಳನ್ನು ಪ್ರಬಂಧದ ಒಳಗಿನ ಕೋಷ್ಟಕಕ್ಕೆ ತಾಳೆ ನೋಡುವುದಿಲ್ಲ, ಏಕೆಂದರೆ ಪ್ರಬಂಧವನ್ನೇ ತರಿಸಿಕೊಳ್ಳುವುದಿಲ್ಲ. ಒಮ್ಮೆ ಸಾರಾಂಶದಲ್ಲಿ 48 ಮಕ್ಕಳು, ಕೋಷ್ಟಕದಲ್ಲಿ 46 ಇದ್ದರು. ಇಬ್ಬರು ಮಧ್ಯೆ ಬಿಟ್ಟುಹೋಗಿದ್ದರು. ಅದನ್ನು ಹಿಡಿದದ್ದು ನನ್ನ ವಿದ್ಯಾರ್ಥಿನಿ. ಪದಗಳನ್ನೂ ಸಲ್ಲಿಸುವ ಪುಟದಲ್ಲೇ ಇನ್ನೊಮ್ಮೆ ಎಣಿಸಿ ನೋಡಬೇಕು. p < 0.05 ಎಂದು ಬಿಡಿಸಿ ಬರೆದರೆ ನಮ್ಮ ಪತ್ರಿಕೆಯ ಪುಟ ಮೂರು ಪದ ಎಂದು ಎಣಿಸುತ್ತದೆ, p<0.05 ಎಂದು ಕೂಡಿಸಿದರೆ ಒಂದು. 199ರಲ್ಲಿ ಕೂತವರಿಗೆ ಇದು ಸಣ್ಣ ಮಾತಲ್ಲ.

ನಿಧಾನದ ವಿಭಾಗಕ್ಕೆ ಐದಕ್ಕೆ ನಾಲ್ಕೂವರೆ ಅಂಕ, ತ್ವರಿತಕ್ಕೆ ಒಂದೂವರೆ. ಗಡುವಿಗೆ ನಾಲ್ಕು ದಿನ ಮೊದಲೇ ಕಳಿಸಲಾಗದವರು ದುಡ್ಡು ಉಳಿಸಿಕೊಂಡು ಹಳದಿ ಪೆನ್ನು ಹಿಡಿಯಲಿ. ಹತ್ತನೇ ಸಾರಾಂಶ ನಿನ್ನೆ ಕಳಿಸಿದ್ದೇನೆ, 197 ಪದ. ಜೊತೆಗೆ ಒಂದು ಸೂಚನೆ ಬರೆದಿದ್ದೇನೆ: ‘ಕಡಿಮೆ ಮಾಡಬೇಕಾದರೆ ವಾಕ್ಯ ತೆಗೆಯಿರಿ, ಹೆಸರು ತೆಗೆಯಬೇಡಿ.’